ಒಂದೇ ಕಂಬದಲ್ಲಿ ಮೂರು ಕೂಗು

ಕನ್ನಡ ರಾಜ್ಯೋತ್ಸವದ ದಿನಾಂಕ ಎಲ್ಲರಿಗೂ ಗೊತ್ತು. 1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು, 1973ರಲ್ಲಿ ಅದಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಆದರೆ ಬೆಂಗಳೂರಿನ ಬಡಾವಣೆಗಳಲ್ಲಿ ಹಬ್ಬ ಆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ಪೆಂಡಾಲ್, ಆರ್ಕೆಸ್ಟ್ರಾ, ಸನ್ಮಾನಕ್ಕೆ ಬರುವ ಅತಿಥಿಗಳು ಯಾರೂ ಒಂದೇ ಸಂಜೆ ಎಲ್ಲ ಸಂಘಗಳಿಗೂ ಸಿಗುವುದಿಲ್ಲವಾದ್ದರಿಂದ ಒಂದು ಬೀದಿಯವರು 8ಕ್ಕೆ, ಪಕ್ಕದ ಬೀದಿಯವರು 15ಕ್ಕೆ, ಅದರಾಚೆಯವರು 22ಕ್ಕೆ ಇಟ್ಟುಕೊಳ್ಳುತ್ತಾರೆ. ವಿಜಯನಗರದ ಮಗ್ಗುಲಲ್ಲಿರುವ ಮಾರೇನಹಳ್ಳಿಯಂಥ ಕಡೆ ನವೆಂಬರ್ ತಿಂಗಳಿಡೀ ಹಳದಿ-ಕೆಂಪು ಹಾಳೆಗಳು ಬದಲಾಗುತ್ತ ಹೋಗುವುದು ಇದೇ ಕಾರಣಕ್ಕೆ. ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯುವ ರಾಜ್ಯದ ಕಾಯ್ದೆ 1981ರಷ್ಟು ಹಳೆಯದು. 2018ರಲ್ಲಿ ಹೈಕೋರ್ಟು ಚಾಟಿ ಬೀಸಿದ ಮೇಲೆ ನಗರ ಫ್ಲೆಕ್ಸ್‌ಗಳನ್ನು ಕಿತ್ತದ್ದೂ ಉಂಟು. ಅವು ಇರಬೇಕೋ ಬೇಡವೋ ಎಂಬುದು ಬೇರೆಯೇ ಚರ್ಚೆ. ಬಟ್ಟೆಯ ಬ್ಯಾನರ್ ಆಗಲಿ, ಗೋಡೆಗೆ ಅಂಟಿಸುವ ಕಾಗದವಾಗಲಿ, ಈ ಅಧ್ಯಾಯದ ಪ್ರಶ್ನೆ ಎಲ್ಲಕ್ಕೂ ಒಂದೇ. ಕಾರ್ಯಕ್ರಮದ ಹೆಸರು, ದಿನಾಂಕ, ಸ್ಥಳ ಮೂರನ್ನೂ ದೊಡ್ಡದಾಗಿ, ಢಾಳಾಗಿ ಬರೆದಿದ್ದರೂ ಹಾದುಹೋದವರಿಗೆ ಮೂರರಲ್ಲಿ ಒಂದೂ ನೆನಪಿರುವುದಿಲ್ಲವಲ್ಲ, ಅದೇಕೆ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ಜನಕ್ಕೆ ಪುರುಸೊತ್ತಿಲ್ಲ ಎಂಬುದು. ಪುರುಸೊತ್ತಿಲ್ಲದಿರುವುದು ನಿಜ. ಆದರೆ ಇರುವ ಅಷ್ಟು ಹೊತ್ತನ್ನೂ ಆ ಹಾಳೆಯೇ ಹಾಳುಮಾಡುತ್ತದೆ ಎಂಬುದು ನನ್ನ ವಾದ.

ಲೆಕ್ಕಕ್ಕೆಂದು ಒಂದು ಹಾಳೆಯನ್ನು ಕಲ್ಪಿಸಿಕೊಳ್ಳೋಣ. ಎರಡು ಅಡಿ ಅಗಲ, ಮೂರು ಅಡಿ ಎತ್ತರ, ಅಂದರೆ ಸುಮಾರು 61 ಸೆಂ.ಮೀ. ಮತ್ತು 91 ಸೆಂ.ಮೀ.; ದೀಪದ ಕಂಬಕ್ಕೆ ಕಟ್ಟುವ ಅಳತೆ. ಮೇಲೆ ‘ಕನ್ನಡ ರಾಜ್ಯೋತ್ಸವ’ ಎಂದು ಎರಡು ಸಾಲು, ಕೆಳಗೆ ‘ನವೆಂಬರ್ 22’, ಅದರ ಕೆಳಗೆ ‘ಮಾರೇನಹಳ್ಳಿ’. ಹತ್ತು ಮೀಟರ್ ದೂರದಲ್ಲಿ ನಿಂತವರ ಕಣ್ಣಿಗೆ ಈ ಹಾಳೆಯ ಎತ್ತರ ಸುಮಾರು ಐದು ಡಿಗ್ರಿ ಕೋನದಷ್ಟಿರುತ್ತದೆ. ನಮ್ಮ ಕಣ್ಣು ನಿಚ್ಚಳವಾಗಿ ಕಾಣುವುದು ಮಧ್ಯದ ಎರಡು ಡಿಗ್ರಿಯಷ್ಟನ್ನು ಮಾತ್ರ. ಕೈ ಚಾಚಿ ಹೆಬ್ಬೆರಳು ಎತ್ತಿದರೆ ಅದರ ಅಗಲ ಎಷ್ಟೋ ಅಷ್ಟು. ಹತ್ತು ಮೀಟರ್ ದೂರಕ್ಕೆ ಅದು 35 ಸೆಂ.ಮೀ. ಅಗಲದ ಒಂದು ವೃತ್ತವಾಗುತ್ತದೆ. ಹಾಳೆಯ ಉಳಿದ ಭಾಗ ಕಂಡೂ ಕಾಣದಂತೆ ಇರುತ್ತದೆ. ಹಾಗಾಗಿ ಓದುವುದೆಂದರೆ ಕಣ್ಣು ಒಂದು ಕಡೆ ಕಾಲು ಸೆಕೆಂಡಿನಷ್ಟು ನಿಂತು, ಇನ್ನೊಂದು ಕಡೆಗೆ ಜಿಗಿದು, ಮತ್ತೆ ನಿಲ್ಲುವುದು. ಸೆಕೆಂಡಿಗೆ ಮೂರೋ ನಾಲ್ಕೋ ನಿಲುಗಡೆ ಸಿಗುತ್ತವೆ. ಗಂಟೆಗೆ 30 ಕಿ.ಮೀ. ವೇಗದ ಸ್ಕೂಟರು ಸೆಕೆಂಡಿಗೆ ಎಂಟು ಮೀಟರಿಗೂ ಹೆಚ್ಚು ಸಾಗುತ್ತದೆ. ಸವಾರನ ಕಣ್ಣು ರಸ್ತೆಯ ಗುಂಡಿಯ ಮೇಲಿರಬೇಕು, ಹಾಳೆಗೆ ದಕ್ಕುವುದು ಬಹಳವೆಂದರೆ ಒಂದು ಸೆಕೆಂಡು. ಆ ಸೆಕೆಂಡಿನ ಮೂರ್ನಾಲ್ಕು ನಿಲುಗಡೆಗಳು ಎಲ್ಲೆಲ್ಲಿ ಖರ್ಚಾಗುತ್ತವೆ ಎಂಬುದರ ಮೇಲೆ ಹಾಳೆಯ ಗತಿ ನಿಂತಿದೆ.

ಮುಂದಿನ ಜಿಗಿತ ಎಲ್ಲಿಗೆ ಎಂದು ನಿರ್ಧರಿಸುವಾಗ ಕಣ್ಣಿಗೆ ಅಲ್ಲಿನ ಅಕ್ಷರಗಳು ಇನ್ನೂ ಕಂಡಿರುವುದಿಲ್ಲ. ನೋಟ ಶೀರ್ಷಿಕೆಯ ಮೇಲಿದ್ದು ದಿನಾಂಕ ಅದರಿಂದ 60 ಸೆಂ.ಮೀ. ಕೆಳಗಿದ್ದರೆ, ಆ ದಿನಾಂಕ ನೋಟದ ನಡುವಿನಿಂದ ಮೂರೂವರೆ ಡಿಗ್ರಿಯಷ್ಟು ದೂರದಲ್ಲಿದೆ. ನೋಟದ ಅಂಚಿನಲ್ಲಿರುವ ಅಕ್ಷರವನ್ನು ಗುರುತಿಸಬೇಕಾದರೆ ಅದಕ್ಕೂ ನೆರೆಯ ಅಕ್ಷರಕ್ಕೂ ನಡುವೆ, ಅದು ನೋಟದಿಂದ ಎಷ್ಟು ದೂರವಿದೆಯೋ ಅದರ ಅರ್ಧದಷ್ಟಾದರೂ ಅಂತರ ಬೇಕು ಎಂದು ಡಚ್ ವಿಜ್ಞಾನಿ ಹರ್ಮನ್ ಬೌಮಾ 1970ರಲ್ಲಿ ತೋರಿಸಿಕೊಟ್ಟರು. ಇಲ್ಲಿ ಆ ಅರ್ಧವೆಂದರೆ 30 ಸೆಂ.ಮೀ. ನಮ್ಮ ದಿನಾಂಕದ ಅಕ್ಷರಗಳು ಹತ್ತು ಸೆಂ.ಮೀ. ಅಂತರದಲ್ಲಿ ಒತ್ತಿಕೊಂಡು ಕೂತಿವೆ. ಆದ್ದರಿಂದ ಅಂಚಿನ ನೋಟಕ್ಕೆ ಸಿಗುವುದು ‘ನವೆಂಬರ್ 22’ ಅಲ್ಲ, ಗಾಢವಾದ ಒಂದು ಪಟ್ಟಿ. ಅದರ ಕೆಳಗೆ ಇನ್ನೊಂದು ಪಟ್ಟಿ. ಕಣ್ಣಿಗೆ ದಾರಿ ತೋರುವುದು ಈ ಪಟ್ಟಿಗಳ ಗಾತ್ರ, ಗಾಢತೆ, ಬಣ್ಣ, ಸುತ್ತಲಿನ ಖಾಲಿ ಜಾಗ ಇಷ್ಟೇ. ಪಟ್ಟಿಗಳು ಸರಿಸಮವಾಗಿದ್ದರೆ ದಾರಿ ತೋರುವವರು ಯಾರೂ ಇಲ್ಲದಂತೆ. ಕಣ್ಣು ಎಲ್ಲೋ ನಡುವೆ ಬೀಳುತ್ತದೆ. ಅರ್ಧ ಸಾಲು ಓದುತ್ತದೆ, ಬಿಡುತ್ತದೆ.

ಮೂರೂ ದೊಡ್ಡದಿದ್ದರೆ ಮೂರೂ ಸೆಳೆಯಬೇಕಲ್ಲವೇ ಎಂಬ ಸಹಜ ಎಣಿಕೆ ತಪ್ಪುವುದು ಇಲ್ಲಿಯೇ. ಸೆಳೆತ ಎನ್ನುವುದು ಅಕ್ಷರದೊಳಗೆ ಕೂತಿರುವ ಗುಣವಲ್ಲ, ನೆರೆಯವರ ಜತೆಗಿನ ವ್ಯತ್ಯಾಸ. ಲಾರೆಂಟ್ ಇಟ್ಟಿ, ಕ್ರಿಸ್ಟಾಫ್ ಕಾಖ್ ಮತ್ತು ಅರ್ನ್ಸ್ಟ್ ನೀಬರ್ 1998ರಲ್ಲಿ ಪ್ರಕಟಿಸಿದ ಗಮನದ ಗಣಿತ ಮಾದರಿ ಇದನ್ನು ಒಂದು ಚಿಕ್ಕ ಲೆಕ್ಕದಲ್ಲಿ ಹಿಡಿದಿಟ್ಟಿದೆ. ದೃಶ್ಯವೊಂದರ ಸೆಳೆತವನ್ನು ನಕ್ಷೆಯಂತೆ ಬರೆದರೆ ಅಲ್ಲಲ್ಲಿ ಶಿಖರಗಳು ಏಳುತ್ತವೆ. ಅತಿ ಎತ್ತರದ ಶಿಖರದಿಂದ ಉಳಿದ ಶಿಖರಗಳ ಸರಾಸರಿಯನ್ನು ಕಳೆದು, ಬಂದದ್ದನ್ನು ಅದರಿಂದಲೇ ಗುಣಿಸಿ, ಆ ಸಂಖ್ಯೆಯಿಂದ ಇಡೀ ನಕ್ಷೆಯನ್ನು ಹಿಗ್ಗಿಸುವುದು ಆ ಮಾದರಿಯ ಒಂದು ಹೆಜ್ಜೆ. ಶೀರ್ಷಿಕೆಯ ಶಿಖರ 10 ಎನ್ನೋಣ, ದಿನಾಂಕ ಮತ್ತು ಸ್ಥಳದ ಸರಾಸರಿ 2. ವ್ಯತ್ಯಾಸ 8, ಅದರ ವರ್ಗ 64. ಈಗ ಸಂಘದವರು ಬಂದು ದಿನಾಂಕ ಕಾಣುತ್ತಿಲ್ಲ, ಸ್ಥಳವೂ ಕಾಣುತ್ತಿಲ್ಲ, ದಪ್ಪ ಮಾಡಿ ಎನ್ನುತ್ತಾರೆ. ಎರಡೂ 9ಕ್ಕೆ ಏರುತ್ತವೆ. ವ್ಯತ್ಯಾಸ 1, ವರ್ಗವೂ 1. ಶೀರ್ಷಿಕೆಯನ್ನು ಯಾರೂ ಮುಟ್ಟಿಲ್ಲ, ಅದರ ಅಳತೆ ಇದ್ದಂತೆಯೇ ಇದೆ. ಆದರೂ 64 ಪಟ್ಟು ಹಿಗ್ಗುತ್ತಿದ್ದದ್ದು ಈಗ ಹಿಗ್ಗುವುದೇ ಇಲ್ಲ. ಇನ್ನೂ ವಿಚಿತ್ರವೆಂದರೆ ಆ 9 ಪಡೆದವರಿಗೂ ಲಾಭವಿಲ್ಲ, ಏಕೆಂದರೆ ಕುಸಿದದ್ದು ಇಡೀ ಹಾಳೆಯ ಸೆಳೆತ. ಪಕ್ಕದ ಕಂಬದ ಮೇಲೆ ಒಂದೇ ಒಂದು ದೊಡ್ಡ ಪದವಿರುವ ಮೊಬೈಲ್ ಅಂಗಡಿಯ ಫಲಕ ಕಣ್ಣನ್ನು ಎಳೆದುಕೊಂಡು ಹೋಗುತ್ತದೆ.

ಇದು ಮಾದರಿಯ ಲೆಕ್ಕ. ಮಿದುಳು ಇಷ್ಟು ಸಲೀಸಾಗಿ ವರ್ಗ ಮಾಡುತ್ತಾ ಕೂರುತ್ತದೆ ಎಂದು ಯಾರೂ ಹೇಳುವುದಿಲ್ಲ. ಆದರೆ ದಿಕ್ಕು ಸರಿಯಿದೆ ಎನ್ನಲು ಬೇರೆ ಸಾಕ್ಷ್ಯವಿದೆ. 1989ರಲ್ಲಿ ಜಾನ್ ಡಂಕನ್ ಮತ್ತು ಗ್ಲಿನ್ ಹಂಫ್ರೀಸ್, ಒಂದು ವಸ್ತುವನ್ನು ಗುಂಪಿನಲ್ಲಿ ಹುಡುಕುವ ಪ್ರಯೋಗಗಳಿಂದ ಎರಡು ಮಾತು ಹೇಳಿದರು. ಹುಡುಕುವ ವಸ್ತು ಸುತ್ತಲಿನವುಗಳನ್ನು ಹೋಲಿದಷ್ಟೂ ಹುಡುಕಾಟ ನಿಧಾನವಾಗುತ್ತದೆ. ಇದು ಯಾರಾದರೂ ಊಹಿಸಬಹುದಾದದ್ದು. ಎರಡನೆಯದು ಅಷ್ಟು ಸುಲಭಕ್ಕೆ ಹೊಳೆಯುವಂಥದ್ದಲ್ಲ: ಸುತ್ತಲಿನವು ಒಂದಕ್ಕೊಂದು ಬೇರೆಬೇರೆಯಾಗಿದ್ದಷ್ಟೂ ಹುಡುಕಾಟ ನಿಧಾನವೇ. ಶೀರ್ಷಿಕೆಗೆ ಕೆಂಪು, ದಿನಾಂಕಕ್ಕೆ ನೀಲಿ, ಸ್ಥಳಕ್ಕೆ ಹಸಿರು, ಒಂದಕ್ಕೆ ಬಿಳಿ ಅಂಚು, ಇನ್ನೊಂದಕ್ಕೆ ಕಪ್ಪು ನೆರಳು ಎಂದು ಬೇರ್ಪಡಿಸುವವರು ಮೊದಲ ಮಾತನ್ನು ಮಾತ್ರ ಅರಿತಂತಿದೆ. ಮೂರೂ ಬೇರೆ ಕಾಣಬೇಕೆಂಬ ಆಸೆಯಿಂದ ಹೊರಟರೆ ಎರಡನೆಯ ಮಾತು ಕಾಲಿಗೆ ತೊಡರುತ್ತದೆ. ಒಂದು ಬೇರೆಯಾಗಿ ಕಾಣಬೇಕಾದರೆ ಉಳಿದವು ತಮ್ಮತಮ್ಮಲ್ಲಿ ಒಂದೇ ಥರ ಇರಬೇಕು. ಮೂರು ಬಣ್ಣ ಬಳಸುವ ಹಾಳೆಗಿಂತ, ಎರಡು ಸಾಲು ಕಪ್ಪು ಮತ್ತು ಒಂದು ಸಾಲು ಕೆಂಪಿನ ಹಾಳೆಯಲ್ಲಿ ಕೆಂಪು ಹೆಚ್ಚು ಕೆಂಪಾಗಿರುತ್ತದೆ.

ಇಲ್ಲಿಗೆ ಸಂಘದ ಕಾರ್ಯದರ್ಶಿಗಳ ಆಕ್ಷೇಪವನ್ನು ಕೇಳಬೇಕು, ಏಕೆಂದರೆ ಅದರಲ್ಲಿ ಹುರುಳಿದೆ. ಹೆಸರು ಓದಿ ದಿನಾಂಕ ಓದದವನು ಬರುವುದಿಲ್ಲ, ದಿನಾಂಕ ಓದಿ ಸ್ಥಳ ಓದದವನೂ ಬರುವುದಿಲ್ಲ. ಮೂರೂ ಅಷ್ಟೇ ಮುಖ್ಯವಾದಾಗ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವುದು ಯಾವ ನ್ಯಾಯ? ಮೂರೂ ಬೇಕೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೇಕಾಗುವುದು ಒಂದರ ಹಿಂದೆ ಒಂದು, ಒಟ್ಟಿಗಲ್ಲ. ಯಾವ ಕಾರ್ಯಕ್ರಮ ಎಂದು ತಿಳಿಯದವನಿಗೆ 22ನೇ ತಾರೀಕಿನಿಂದ ಏನೂ ಆಗಬೇಕಾದ್ದಿಲ್ಲ. ಆ ಸಂಜೆ ಊರಲ್ಲೇ ಇಲ್ಲದವನಿಗೆ ಸ್ಥಳದಿಂದ ಏನೂ ಆಗಬೇಕಾದ್ದಿಲ್ಲ. ನೂರು ಜನ ಹಾದುಹೋದರೆ ಮೊದಲ ಪ್ರಶ್ನೆ ನೂರು ಜನರದ್ದು, ಎರಡನೆಯದು ಆಸಕ್ತಿ ಹುಟ್ಟಿದವರದ್ದು ಮಾತ್ರ, ಮೂರನೆಯದು ಅವರಲ್ಲೂ ಬಿಡುವಿರುವವರದ್ದು. ಆ ಕೊನೆಯ ಗುಂಪು ಈಗಾಗಲೇ ಬರಲು ಮನಸ್ಸು ಮಾಡಿದೆ. ಸ್ಥಳದ ಸಾಲು ಚಿಕ್ಕದಿದ್ದರೆ ಒಂದು ಹೆಜ್ಜೆ ಹತ್ತಿರ ಬಂದು ಓದುತ್ತದೆ. ಮೊದಲ ನೂರರಲ್ಲಿ ಯಾರೂ ಆ ಕಷ್ಟಪಡುವುದಿಲ್ಲ. ಸರಿಸಮ ಅಳತೆ ನ್ಯಾಯವೆನಿಸುವುದು ಬರೆಸುವವರ ಮೇಜಿನ ಮೇಲೆ. ಅಲ್ಲಿ ಮೂರು ಸಾಲುಗಳು ಒಟ್ಟಿಗೆ ಕಾಣುತ್ತವೆ, ಮೂರೂ ಗೊತ್ತಿರುತ್ತವೆ. ಕಂಬದ ಕೆಳಗೆ ಪ್ರಶ್ನೆಗಳು ಸಾಲಾಗಿ ಬರುತ್ತವೆ.

ಹಾಗಾದರೆ ಒಂದನ್ನು ದೊಡ್ಡದು ಮಾಡಿದರಾಯಿತು ಎನ್ನುವಷ್ಟಕ್ಕೆ ಮುಗಿಯುವುದಿಲ್ಲ. ಕನ್ನಡದಲ್ಲಿ ಅದು ಅಷ್ಟು ಸುಲಭವೂ ಅಲ್ಲ. ಇಂಗ್ಲಿಷಿನವರ ಕೈಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಎಂಬ ಒಂದು ಮೆಟ್ಟಿಲು ಪುಕ್ಕಟೆಯಾಗಿ ಸಿಕ್ಕಿದೆ, ನಮ್ಮ ಲಿಪಿಯಲ್ಲಿ ಅದಿಲ್ಲ. ಓರೆ ಅಕ್ಷರದ ರೂಢಿಯೂ ನಮ್ಮದಲ್ಲ. ದಪ್ಪ ಮಾಡುತ್ತ ಹೋದರೆ ಒಳಗಿನ ದುಂಡು ಖಾಲಿಗಳು ಮುಚ್ಚಿಕೊಂಡು ‘ವ’ ಯಾವುದು ‘ಪ’ ಯಾವುದು ತಿಳಿಯದಂತಾಗುತ್ತದೆ; ಅದರ ಮೇಲೆ ಅಂಚು, ನೆರಳು ಹಚ್ಚಿದರೆ ಕೆಳಗೆ ಪುಟ್ಟದಾಗಿ ಕೂತ ಒತ್ತಕ್ಷರ ಮೊದಲು ಸಾಯುತ್ತದೆ. ಉಳಿಯುವುದು ಅಳತೆ. ಆ ಅಳತೆಗೂ ಒಂದು ಮೇಲ್ಮಿತಿ, ಒಂದು ಕೆಳಮಿತಿ ಇದೆ. ‘ರಾಜ್ಯೋತ್ಸವ’ ಎಂಬ ಪದ ನಾಲ್ಕೇ ಅಕ್ಷರವಾದರೂ ಬಲು ಅಗಲ, ಸಾಮಾನ್ಯ ವಿನ್ಯಾಸಗಳಲ್ಲಿ ಅದರ ಅಗಲ ಅಕ್ಷರದ ಮೈ ಎತ್ತರದ ಆರು ಪಟ್ಟಿನ ಆಸುಪಾಸು ಎಂದಿಟ್ಟುಕೊಳ್ಳಬಹುದು. 61 ಸೆಂ.ಮೀ. ಹಾಳೆಯಲ್ಲಿ ಎರಡೂ ಬದಿಗೆ ಮೂರು ಮೂರು ಸೆಂ.ಮೀ. ಬಿಟ್ಟರೆ ಉಳಿಯುವುದು 55. ಅಂದರೆ ಅಕ್ಷರದ ಎತ್ತರ 9 ಸೆಂ.ಮೀ. ದಾಟುವಂತಿಲ್ಲ. ಇದು ಮೇಲ್ಮಿತಿ. ಇನ್ನು ಕೆಳಮಿತಿ: ಒಳ್ಳೆಯ ಕಣ್ಣು ಗುರುತಿಸಬಲ್ಲ ಅತಿ ಚಿಕ್ಕ ಅಕ್ಷರ ಡಿಗ್ರಿಯ ಹನ್ನೆರಡನೇ ಒಂದು ಭಾಗದಷ್ಟು. ವೈದ್ಯರ ಗೋಡೆಯ ಮೇಲಿನ ಅಕ್ಷರಪಟ್ಟಿಗೆ ಸ್ನೆಲೆನ್ 1862ರಲ್ಲಿ ಇಟ್ಟ ಅಳತೆಯಿದು. ಹತ್ತು ಮೀಟರಿಗೆ ಅದು ಒಂದೂವರೆ ಸೆಂ.ಮೀ. ಆದರೆ ಅದು ಕಷ್ಟಪಟ್ಟು ಗುರುತಿಸುವ ಅಳತೆ, ಸರಾಗ ಓದುವುದಲ್ಲ. ಒತ್ತು, ಗುಣಿತ, ದೀರ್ಘಗಳ ಸಣ್ಣ ಕುಸುರಿ ಇರುವ ಲಿಪಿಗೆ ಅದರ ಮೂರು ಪಟ್ಟಾದರೂ ಇಡುವುದು ಕ್ಷೇಮ. ಆಗ ಹತ್ತು ಮೀಟರಿಂದ ಓದಬೇಕಾದ ಸಾಲು 4.5 ಸೆಂ.ಮೀ.ಗಿಂತ ಚಿಕ್ಕದಾಗುವಂತಿಲ್ಲ.

ಮೇಲೆ 9, ಕೆಳಗೆ 4.5. ನಡುವೆ ಇರುವುದು ಒಂದೇ ಒಂದು ದುಪ್ಪಟ್ಟು. ಈ ಸಂದಿಯಲ್ಲಿ ಮೂರು ಮೆಟ್ಟಿಲು ತುರುಕಿದರೆ 9, 6.4, 4.5 ಎಂದು ಬರುತ್ತದೆ. ಪಕ್ಕಪಕ್ಕದ ಎರಡರ ನಡುವೆ ಒಂದೂ ಕಾಲು ದಾಟಿ ಒಂದೂವರೆ ಮುಟ್ಟದ ಅನುಪಾತ. ಅಳತೆಗಳನ್ನು ಕಣ್ಣು ಹೋಲಿಸುವುದು ಅನುಪಾತದಲ್ಲಿ ಎಂಬುದು ಜರ್ಮನಿಯ ಅರ್ನ್ಸ್ಟ್ ವೆಬರ್ 19ನೇ ಶತಮಾನದಲ್ಲೇ ಗುರುತಿಸಿದ ಸಂಗತಿ. 9 ಮತ್ತು 8ರ ನಡುವಿನ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಅದು ಮೇಲು-ಕೀಳೆಂದು ಕಾಣುವುದಿಲ್ಲ, ಒಂದೇ ಮಾಡಲು ಹೋಗಿ ತಪ್ಪಿದಂತೆ ಕಾಣುತ್ತದೆ. ಅಣ್ಣ-ತಮ್ಮ ಎನಿಸಬೇಕಾದದ್ದು ಅವಳಿಗಳಂತೆ ಕಾಣುತ್ತದೆ. ಫ್ಲೆಕ್ಸ್ ಅಂಗಡಿಗಳ ಕಂಪ್ಯೂಟರಿನಲ್ಲಿ ನಡೆಯುವುದು ಸಾಮಾನ್ಯವಾಗಿ ಇದಕ್ಕಿಂತಲೂ ಸರಳ: ಪ್ರತಿ ಸಾಲನ್ನೂ ಹಿಡಿದು ಅಂಚಿನಿಂದ ಅಂಚಿಗೆ ಎಳೆದು ಕೂರಿಸುವುದು. ಖಾಲಿ ಬಿಟ್ಟ ಜಾಗಕ್ಕೂ ಚದರಡಿ ಲೆಕ್ಕದಲ್ಲಿ ದುಡ್ಡು ಕೊಟ್ಟಾಗಿದೆಯಲ್ಲ! ‘ರಾಜ್ಯೋತ್ಸವ’ 9 ಸೆಂ.ಮೀ.ಗೆ ನಿಂತರೆ, ಉದ್ದದಲ್ಲಿ ಅದಕ್ಕಿಂತ ತುಸು ಹೆಚ್ಚಿರುವ ‘ನವೆಂಬರ್ 22’ ಮತ್ತು ‘ಮಾರೇನಹಳ್ಳಿ’ 8ರ ಸುಮಾರಿಗೆ ನಿಲ್ಲುತ್ತವೆ. ಹೀಗೆ ಮೂರರ ಜಗಳಕ್ಕೆ ಯಾರ ದುರುದ್ದೇಶವೂ ಬೇಕಾಗಿಲ್ಲ. ಅಕ್ಷರದ ಗಾತ್ರವನ್ನು ಅರ್ಥ ನಿರ್ಧರಿಸದೆ ಪದದ ಉದ್ದ ನಿರ್ಧರಿಸಿದರೆ ಸಾಕು. ಅದೇ ಕೈಚಳಕದಲ್ಲಿ ‘ಕನ್ನಡ’ ಎಂಬ ಮೂರಕ್ಷರ ಇಮ್ಮಡಿ ದೊಡ್ಡದಾಗುತ್ತದೆ, ‘ಸಾಂಸ್ಕೃತಿಕ ಕಾರ್ಯಕ್ರಮ’ ಇರುವೆ ಸಾಲಾಗುತ್ತದೆ. ಮೊದಲನೆಯದು ಸರಿಹೋದರೆ ಅದು ಅದೃಷ್ಟ.

ಈ ಇಕ್ಕಟ್ಟಿನಿಂದ ಹೊರಬರುವ ಮೊದಲ ದಾರಿ ಸ್ಪರ್ಧಿಗಳ ಸಂಖ್ಯೆಯನ್ನೇ ಇಳಿಸುವುದು. ಯಾವಾಗ ಮತ್ತು ಎಲ್ಲಿ ಎಂಬುವು ಎರಡು ಪ್ರಶ್ನೆಗಳಾದರೂ ಕೇಳುವುದು ಒಂದೇ ಉಸಿರಿನಲ್ಲಿ. ಅವೆರಡನ್ನೂ 4.5 ಸೆಂ.ಮೀ.ನ ಒಂದೇ ಬಣ್ಣದ, ಒಂದೇ ಅಕ್ಷರ ವಿನ್ಯಾಸದ ಎರಡು ಸಾಲುಗಳಾಗಿ ಹತ್ತಿರ ಕೂರಿಸಿದರೆ ಅಂಚಿನ ನೋಟಕ್ಕೆ ಅದು ಒಂದು ಪಟ್ಟಿ. ಶೀರ್ಷಿಕೆ ಇನ್ನೊಂದು. ಮೂರು ಮೆಟ್ಟಿಲಿಗೆ ಸಾಲದ ಸಂದಿ ಎರಡು ಮೆಟ್ಟಿಲಿಗೆ ಧಾರಾಳವಾಗಿ ಸಾಕು. ಇನ್ನು ಎರಡರ ನಡುವೆ 15 ಸೆಂ.ಮೀ.ನಷ್ಟು ಖಾಲಿ ಬೇಕು. ಇದನ್ನು ಅಂದಕ್ಕೆಂದು ಹೇಳುತ್ತಿಲ್ಲ. ‘ಜ್ಯೋ’, ‘ತ್ಸ’ಗಳ ಒತ್ತು ಸಾಲಿನ ಕೆಳಗೆ ಇಳಿದು ಬಂದು ಮುಂದಿನ ಸಾಲಿನ ಏತ್ವ, ಗುಡಿಸುಗಳಿಗೆ ತಗುಲಿದರೆ ಎರಡು ಪಟ್ಟಿಗಳು ಕೂಡಿಕೊಂಡು ಒಂದು ಬೂದುಗೋಡೆಯಾಗುತ್ತವೆ. ಕಂಬದ ಹಾಳೆಯಲ್ಲಿ ಅತ್ಯಂತ ದುಬಾರಿಯೂ ಅತ್ಯಂತ ಉಪಯುಕ್ತವೂ ಆದ ವಸ್ತು ಏನೂ ಬರೆಯದ ಆ ಅಂಗೈ ಅಗಲದ ಜಾಗ. ಅದನ್ನು ತುಂಬಲು ಬರುವವರ ಒತ್ತಡ ಎಂಥದ್ದೆಂದು ಬಲ್ಲವರೇ ಬಲ್ಲರು. ಸಾಮಾನ್ಯವಾಗಿ ಅಲ್ಲಿ ಕೈಮುಗಿದ ಹತ್ತು ಮುಖಗಳು ಬಂದು ಕೂರುತ್ತವೆ. ಮನುಷ್ಯನ ಕಣ್ಣು ಬೇರೆಲ್ಲದಕ್ಕಿಂತ ಬೇಗ ಮುಖಕ್ಕೆ ಹಾರುತ್ತದಾದ್ದರಿಂದ ಮುಂದಿನ ಪೈಪೋಟಿಯ ಫಲಿತಾಂಶ ಹೇಳಬೇಕಾಗಿಯೇ ಇಲ್ಲ.

ಎರಡನೆಯ ದಾರಿ ಶೀರ್ಷಿಕೆಯೇ ರಾಜ ಎಂಬ ನಂಬಿಕೆಯನ್ನೇ ಪ್ರಶ್ನಿಸುತ್ತದೆ. ಒಂದು ಸಂದೇಶದಲ್ಲಿ ಮೊದಲೇ ಊಹಿಸಬಹುದಾದ ಭಾಗ ಹೊಸತೇನನ್ನೂ ತಿಳಿಸುವುದಿಲ್ಲ ಎಂಬುದು 1948ರಲ್ಲಿ ಕ್ಲಾಡ್ ಶಾನನ್ ಗಣಿತದಲ್ಲಿ ಕಟ್ಟಿಕೊಟ್ಟ ವಿಚಾರ. ನವೆಂಬರಿನಲ್ಲಿ ಮಾರೇನಹಳ್ಳಿಯ ಕಂಬದ ಮೇಲೆ ಹಳದಿ-ಕೆಂಪು ಹಾಳೆ ಕಂಡವನಿಗೆ ‘ರಾಜ್ಯೋತ್ಸವ’ ಎಂಬ ಪದ ಓದಬೇಕಾದ ಅಗತ್ಯವೇ ಇಲ್ಲ. ಮ. ರಾಮಮೂರ್ತಿ ರೂಪಿಸಿದ ಬಾವುಟದ ಎರಡು ಬಣ್ಣಗಳು ಆ ಮಾತನ್ನು ಐವತ್ತು ಮೀಟರ್ ದೂರದಿಂದಲೇ ಹೇಳಿ ಮುಗಿಸಿವೆ. ಅವನು ಊಹಿಸಲಾಗದ್ದು ತಾರೀಕು, ಏಕೆಂದರೆ ಮೇಲೆ ಹೇಳಿದಂತೆ ಅದು ಬೀದಿಗೊಂದು. ಅಂದಮೇಲೆ ಅತಿ ದೊಡ್ಡ ಅಳತೆ ಸಲ್ಲಬೇಕಾದದ್ದು ‘22’ಕ್ಕೆ. ಲಿಪಿಯ ಇಕ್ಕಟ್ಟೂ ಇಲ್ಲಿ ಸಡಿಲವಾಗುತ್ತದೆ. ಅಂಕಿಗಳಿಗೆ ಒತ್ತಿಲ್ಲ, ಗುಣಿತವಿಲ್ಲ, ಅಗಲ ಕಡಿಮೆ. 25 ಸೆಂ.ಮೀ. ಎತ್ತರದ ಎರಡು ಅಂಕಿ ನಮ್ಮ ಹಾಳೆಯಲ್ಲಿ ಆರಾಮಾಗಿ ಕೂರುತ್ತವೆ. ಅದೇ ಮೂರು ಪಟ್ಟಿನ ಲೆಕ್ಕದಲ್ಲಿ 25 ಸೆಂ.ಮೀ. ಅಂಕಿ 57 ಮೀಟರಿಂದ, 9 ಸೆಂ.ಮೀ. ಪದ 20 ಮೀಟರಿಂದ, 4.5 ಸೆಂ.ಮೀ. ಸಾಲು 10 ಮೀಟರಿಂದ ಓದಲು ಸಿಗುತ್ತದೆ. ಮೇಲ್ಮಿತಿ 9 ಅಲ್ಲ 25 ಆದ ಕೂಡಲೆ ಮೂರು ಮೆಟ್ಟಿಲಿಗೂ ಜಾಗ ಸಿಕ್ಕಿತು, ಪ್ರತಿ ಮೆಟ್ಟಿಲೂ ಇಮ್ಮಡಿ ಅಥವಾ ಅದಕ್ಕೂ ಹೆಚ್ಚು. ಸ್ಕೂಟರಿನವನಿಗೆ 20 ಮೀಟರಿನಿಂದ ಕಂಬ ಹತ್ತಿರವಾಗುವ ತನಕ ಎರಡೇ ಸೆಕೆಂಡು. 57 ಮೀಟರಿಂದಾದರೆ ಆರಕ್ಕೂ ಹೆಚ್ಚು, ಅಷ್ಟರಲ್ಲಿ ಎರಡು ಸಲ ಕಣ್ಣು ಹಾಯಿಸಬಹುದು.

ಬರಿಯ 22 ಕಂಡರೆ ಅದು ಬಟ್ಟೆ ಅಂಗಡಿಯ ರಿಯಾಯಿತಿ ಎಂದುಕೊಂಡಾರು ಎಂದು ಯಾರಾದರೂ ನಕ್ಕರೆ ಆ ನಗುವಿನಲ್ಲಿ ಕಾರಣವಿದೆ. ಅದಕ್ಕೇ ‘ನವೆಂಬರ್’ ಮತ್ತು ವಾರದ ಹೆಸರು ಅಂಕಿಯ ಭುಜಕ್ಕೆ ತಾಗಿ ಚಿಕ್ಕದಾಗಿ ಇರಬೇಕು. ಬಣ್ಣ ಮಾತಾಡದ ಕಡೆ ಈ ಉಪಾಯ ನಡೆಯುವುದೂ ಇಲ್ಲ. ನಾಟಕಕ್ಕೋ ತಾಳಮದ್ದಳೆಗೋ ಹಾಳೆ ಬರೆಸುವಾಗ ಪ್ರಸಂಗದ ಹೆಸರೇ ಊಹಿಸಲಾಗದ ಸಂಗತಿ, ಆಗ ಅದೇ ರಾಜ, ತಾರೀಕು ಮಂತ್ರಿ. ಯಾವುದು ಮೇಲಿರಬೇಕೆಂಬುದಕ್ಕೆ ಸಿದ್ಧ ಪಟ್ಟಿಯಿಲ್ಲ. ಒಂದೇ ಒಂದು ಮೇಲಿರಬೇಕೆಂಬುದು ಮಾತ್ರ ಬದಲಾಗುವುದಿಲ್ಲ.

ಇನ್ನೊಂದು ಆಕ್ಷೇಪ ದೃಷ್ಟಿವಿಜ್ಞಾನದ ಒಳಗಿನಿಂದಲೇ ಬರುತ್ತದೆ, ಅದು ಮೊದಲಿನದ್ದಕ್ಕಿಂತ ಗಟ್ಟಿ. ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಒಂದೇ ವರ್ಣಚಿತ್ರವನ್ನು ತೋರಿಸಿ ಬೇರೆಬೇರೆ ಪ್ರಶ್ನೆ ಕೇಳಿದಾಗ ನೋಡುಗನ ಕಣ್ಣಿನ ಹಾದಿಯೂ ಬೇರೆಬೇರೆಯಾಯಿತು. ಅವರ ಪುಸ್ತಕ 1967ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಆ ರೇಖೆಗಳು ಪಠ್ಯಪುಸ್ತಕಗಳಲ್ಲೆಲ್ಲ ಹರಡಿದವು. ಚಿತ್ರದೊಳಗಿನವರ ವಯಸ್ಸು ಕೇಳಿದರೆ ಕಣ್ಣು ಮುಖಗಳಿಗೆ, ಮನೆಯ ಸ್ಥಿತಿಗತಿ ಕೇಳಿದರೆ ಪೀಠೋಪಕರಣಗಳಿಗೆ. ಹಾಗಿದ್ದರೆ ತಾರೀಕು ಬೇಕಾದವನು ತಾರೀಕನ್ನೇ ಹುಡುಕುತ್ತಾನೆ, ಗಾತ್ರದ ಗದ್ದಲವೇಕೆ? ಹುಡುಕುವವನ ವಿಷಯದಲ್ಲಿ ಈ ಮಾತು ಪೂರ್ತಿ ನಿಜ. ನಿಂತು, ಮನಸ್ಸಿಟ್ಟು ನೋಡುವವನಿಗೆ ಎಂಥ ಹಾಳೆಯಾದರೂ ಬಿಟ್ಟುಕೊಡುತ್ತದೆ. ಅಂಚೆಚೀಟಿಯಷ್ಟು ಜಾಗದಲ್ಲಿ ಹತ್ತು ಸಾಲಿರುವ ಶ್ರದ್ಧಾಂಜಲಿ ಜಾಹೀರಾತನ್ನೂ ಜನ ಓದುತ್ತಾರೆ. ಆದರೆ ಯಾರ್ಬಸ್‌ರ ನೋಡುಗನಿಗೆ ಪ್ರಶ್ನೆಯನ್ನು ಕೈಗಿತ್ತವರು ಇದ್ದರು, ಎದುರಿಗೆ ಒಂದೇ ಚಿತ್ರವಿತ್ತು, ಸಮಯವೂ ಇತ್ತು. ತರಕಾರಿ ಚೀಲ ಹಿಡಿದು ರಸ್ತೆ ದಾಟುವವಳ ಕೈಗೆ ಪ್ರಶ್ನೆಯನ್ನು ಕೊಡಬೇಕಾದದ್ದೇ ಹಾಳೆಯ ಕೆಲಸ. ಒಂದು ದೊಡ್ಡ ಪಟ್ಟಿ ಮೊದಲು ಆ ಪ್ರಶ್ನೆಯನ್ನು ಹುಟ್ಟಿಸಬೇಕು, ಆಮೇಲೆ ಯಾರ್ಬಸ್ ಹೇಳಿದಂತೆ ಅವಳ ಕಣ್ಣು ತಾನೇ ಉಳಿದದ್ದನ್ನು ಅರಸಿಕೊಂಡು ಹೋಗುತ್ತದೆ. ಹಾಗಾಗಿ ಈ ಸಾಕ್ಷ್ಯ ಚಿಕ್ಕ ಸಾಲುಗಳ ಪರವಾಗಿದೆ. ಪ್ರಶ್ನೆ ಹುಟ್ಟಿದ ಮೇಲೆ ಸ್ಥಳದ ಸಾಲು ಕೂಗಬೇಕಾಗಿಲ್ಲ, ಓದುವಂತಿದ್ದು ತನ್ನ ಜಾಗದಲ್ಲಿದ್ದರೆ ಸಾಕು.

ಸ್ಥಳದ ಸಾಲಿಗೆ ತನ್ನದೇ ಒಂದು ತೊಡಕಿದೆ. ಬೆಂಗಳೂರಿನಲ್ಲಿ ಮಾರೇನಹಳ್ಳಿ ಎಂಬ ಹೆಸರು ಎರಡು ಕಡೆ ಇದೆ: ವಿಜಯನಗರದ ಪಕ್ಕದ್ದು ಒಂದು, ಜಯನಗರ-ಜೆ.ಪಿ. ನಗರದ ಕಡೆಯದ್ದು ಇನ್ನೊಂದು. ಅದೇ ಬೀದಿಯ ಕಂಬದಲ್ಲಿ ತೂಗುವ ಹಾಳೆಗೆ ಈ ಗೊಂದಲವೇ ಇಲ್ಲ, ಅಲ್ಲಿ ‘ಮಾರೇನಹಳ್ಳಿ’ ಎಂದು ಬರೆಯುವುದೇ ಹೆಚ್ಚಿನ ಮಾತು. ಅಲ್ಲಿಯವನಿಗೆ ಬೇಕಾದದ್ದು ಯಾವ ಮೈದಾನ, ಯಾವ ದೇವಸ್ಥಾನದ ಎದುರು ಎಂಬ ಎರಡು ಪದ. ಆದರೂ ‘ಮಾರೇನಹಳ್ಳಿ, ವಿಜಯನಗರ, ಬೆಂಗಳೂರು - 560040’ ಎಂದು ಅಂಚೆಯ ಲಕೋಟೆಯಂತೆ ಪೂರ್ತಿ ವಿಳಾಸ ಹಾಕಿ, ದೇವಸ್ಥಾನದ ಹೆಸರನ್ನು ಅದರ ಕೆಳಗೆ ಸಣ್ಣದಾಗಿ ಸೇರಿಸುವುದುಂಟು. ಅದೇ ಚಿತ್ರ ವಾಟ್ಸ್ಆ್ಯಪಿನಲ್ಲಿ ಕೆಂಗೇರಿಗೋ ಬಸವೇಶ್ವರನಗರಕ್ಕೋ ಹೋದಾಗ ‘ವಿಜಯನಗರ’ ಎಂಬ ಪದ ಏಕಾಏಕಿ ಅನಿವಾರ್ಯವಾಗುತ್ತದೆ. ಅಲ್ಲಿ ನೋಡುವ ದೂರ ಒಂದು ಮೊಳ, ಹಾಳೆಯ ಅಗಲ ಆರೇಳು ಸೆಂ.ಮೀ.; ಲೆಕ್ಕವೆಲ್ಲ ಬೇರೆ. ಕಂಬಕ್ಕೊಂದು, ಫೋನಿಗೊಂದು ಎಂದು ಎರಡು ಹಾಳೆ ಮಾಡಿಸುವುದು ಅತಿಯೆನಿಸಿದರೆ, ಕಂಬದ್ದರಲ್ಲಿ ಊರ ಹೆಸರು ಚಿಕ್ಕದು, ಗುರುತಿನ ಹೆಸರು ದೊಡ್ಡದು ಎಂಬಷ್ಟಾದರೂ ಆಗಬೇಕು.

ಅಚ್ಚಿಗೆ ಕಳಿಸುವ ಮೊದಲೇ ಹಾಳೆ ಸೋತಿದೆಯೇ ಎಂದು ತಿಳಿಯಲು ಯಂತ್ರಗಳು ಬೇಕಿಲ್ಲ. ಕಣ್ಣನ್ನು ಅರೆಮುಚ್ಚಿ ನೋಡಿದರೆ ಅಕ್ಷರಗಳು ಕರಗಿ ಪಟ್ಟಿಗಳು ಉಳಿಯುತ್ತವೆ. ಅಂಚಿನ ನೋಟಕ್ಕೆ ಸಿಗುವುದು ಹೆಚ್ಚು ಕಡಿಮೆ ಅದೇ. ಎಷ್ಟು ಪಟ್ಟಿಗಳು, ಅವುಗಳಲ್ಲಿ ದೊಡ್ಡದು ಯಾವುದೆಂದು ತಡವರಿಸದೆ ಹೇಳಲಾಗದಿದ್ದರೆ ಅಲ್ಲಿಗೆ ಉತ್ತರ ಸಿಕ್ಕಿತು. ಎರಡನೆಯ ಪರೀಕ್ಷೆ ಇನ್ನೂ ನಿಷ್ಠುರ. ವಿಷಯ ಗೊತ್ತಿಲ್ಲದ ಏಳೆಂಟು ಮಂದಿಗೆ ಒಬ್ಬೊಬ್ಬರಾಗಿ ಹಾಳೆಯನ್ನು ಹತ್ತು ಮೀಟರ್ ದೂರದಿಂದ ಒಂದೇ ಸೆಕೆಂಡು ತೋರಿಸಿ, ಏನು ಕಂಡಿತು ಎಂದು ಮಾತ್ರ ಕೇಳುವುದು. ಚೆನ್ನಾಗಿದೆಯೇ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಅದರಿಂದ ಪ್ರಯೋಜನವಿಲ್ಲ. ಉತ್ತರಗಳು ಸರಿಯೋ ತಪ್ಪೋ ಎಂಬುದಕ್ಕಿಂತ ಅವು ಒಂದೇ ಆಗಿವೆಯೇ ಎಂಬುದನ್ನು ನೋಡಬೇಕು. ಎಲ್ಲರೂ 22 ಎಂದರೆ ಮೊದಲ ಮೆಟ್ಟಿಲು ಗಟ್ಟಿ. ಎಲ್ಲರೂ ರಾಜ್ಯೋತ್ಸವ ಎಂದರೂ ಗಟ್ಟಿಯೇ, ಆ ಮೆಟ್ಟಿಲಿಗೆ ಬೇಕಾದದ್ದು ಅದೇ ಹೌದೇ ಎಂದು ಮಾತ್ರ ಆಮೇಲೆ ಯೋಚಿಸಬೇಕು. ಇಬ್ಬರು ತಾರೀಕು, ಇಬ್ಬರು ಊರಿನ ಹೆಸರು, ಒಬ್ಬ ಕೆಂಪು ಬಣ್ಣ, ಮತ್ತೊಬ್ಬ ಯಾರದೋ ಮೀಸೆ ಎಂದರೆ ಹಾಳೆ ಒಬ್ಬೊಬ್ಬರಿಗೆ ಒಂದೊಂದು ತೋರಿಸುತ್ತಿದೆ ಎಂದರ್ಥ. ಆಗ ಯಾವ ಸಾಲನ್ನು ಇನ್ನಷ್ಟು ದಪ್ಪ ಮಾಡೋಣ ಎಂದು ಕೇಳುವುದು ತಪ್ಪು ಪ್ರಶ್ನೆ. ಯಾವ ಎರಡನ್ನು ಇಳಿಸೋಣ ಎಂದು ಕೇಳಿ, ಇಳಿಸಿ, ಈ ಹಾಳೆಯನ್ನು ಕಾಣದ ಬೇರೆ ಏಳೆಂಟು ಮಂದಿಯನ್ನು ಕರೆದು ಮತ್ತೆ ತೋರಿಸಬೇಕು. ಅದೇ ಜನರಿಗೆ ಎರಡನೇ ಸಲ ತೋರಿಸಿದರೆ ಉತ್ತರ ಸಿಗುತ್ತದೆ, ಆದರೆ ಆಗ ಅವರು ಹಾದುಹೋಗುವವರಾಗಿ ಉಳಿದಿರುವುದಿಲ್ಲ.